ನಿ ಮೇಲೆ ನಿಂತು ಸಾ ಕಾಯುವುದು: ಆರು ಬಾರ್‌ನ ಪ್ರೀ-ಕೋರಸ್ ಕಟ್ಟಿದ ದಿನಚರಿ

ನಾವು ಧಾರವಾಡದಲ್ಲಿ ಮೂರು ಜನ ಸೇರಿ ಹಾಡು ಮಾಡುತ್ತೇವೆ. ನಾನು ಸಾಹಿತ್ಯ ಬರೆದು ಗಿಟಾರ್ ನುಡಿಸುತ್ತೇನೆ. ಹಾಡುವ ಹುಡುಗ ಹುಬ್ಬಳ್ಳಿಯವನು, ಹಾರ್ಮೋನಿಯಂ ಕೂಡ ಅವನದೇ. ತಬಲಾಕ್ಕೆ ನಮ್ಮ ಓಣಿಯ ಕಾಕಾ ಇದ್ದಾರೆ. ನಲವತ್ತು ವರ್ಷದಿಂದ ಭಜನೆಗೂ ಬೈಠಕ್ಕಿಗೂ ಸಾಥ್ ಕೊಟ್ಟ ಕೈ ಅದು.

ಈ ಸಲದ ಹಾಡಿನ ಹೆಸರು ‘ಕಡೆಯ ಬಸ್ಸು’. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಮಗ ರಾತ್ರಿ ಕಡೆಯ ಬಸ್ಸು ಹತ್ತಿ ಹಳ್ಳಿಯಲ್ಲಿರುವ ಅವ್ವನ ಹತ್ತಿರ ಹೋಗುತ್ತಾನೆ. ಅಷ್ಟೇ ಕಥೆ. ಕಥೆ ಹೇಳುವ ವರ್ಸ್ ಸಿದ್ಧವಿತ್ತು, ತಿರುಗಿ ತಿರುಗಿ ಬರುವ ಕೋರಸ್ ಸಿದ್ಧವಿತ್ತು. ವರ್ಸಿನಿಂದ ಕೋರಸ್‌ಗೆ ಕರೆದೊಯ್ಯುವ ನಡುವಿನ ಹದಿನೆಂಟು ಸೆಕೆಂಡಿಗೆ, ಅಂದರೆ ಪ್ರೀ-ಕೋರಸ್‌ಗೆ, ಮೂರು ವಾರ ಹಿಡಿಯಿತು. ಆ ಮೂರು ವಾರದ ಲೆಕ್ಕ ಇಲ್ಲಿದೆ.

ಮೊದಲು ಅಳತೆ

ವೇಗ ನಿಮಿಷಕ್ಕೆ 80 ಬೀಟ್. ನಾಲ್ಕು ಬೀಟಿಗೆ ಒಂದು ಬಾರ್, ಅಂದರೆ ಒಂದು ಬಾರ್‌ಗೆ ಸರಿಯಾಗಿ 3 ಸೆಕೆಂಡು. ಕಾಕಾ ಅದನ್ನು ಕೆಹರವಾ ತಾಳದ ಒಂದು ಆವರ್ತನ ಎಂದು ಹಿಡಿಯುತ್ತಾರೆ. ಲೆಕ್ಕ ಒಂದೇ, ಹೆಸರು ಬೇರೆ.

ಶ್ರುತಿ ಕಪ್ಪು ಒಂದು. ಗಿಟಾರಿಗೆ ಮೊದಲ ಫ್ರೆಟ್ ಮೇಲೆ ಕ್ಯಾಪೋ ಹಾಕಿ ಸಿ ಕಾರ್ಡಿನ ಆಕಾರದಲ್ಲಿ ನುಡಿಸಿದರೆ ಹಾರ್ಮೋನಿಯಂ ಜೊತೆ ಕೂಡುತ್ತದೆ. ಮುಂದೆ ಕಾರ್ಡಿನ ಹೆಸರು ಬಂದಲ್ಲೆಲ್ಲ ಆ ಆಕಾರದ ಹೆಸರೇ ಬರೆದಿದ್ದೇನೆ. ಸಿ ಅಂದರೆ ನಮಗೆ ಸಾ. ಸ್ವರಗಳೆಲ್ಲ ಶುದ್ಧ.

ವರ್ಸ್ ಎಂಟು ಬಾರ್, ಎರಡು ಸಲ. ಸಿ, ಎ ಮೈನರ್, ಎಫ್, ಜಿ, ಒಂದೊಂದು ಎರಡೆರಡು ಬಾರ್. ಧಾಟಿ ಮಧ್ಯ ಸಾ ಮತ್ತು ಪ ನಡುವೆಯೇ ಓಡಾಡುತ್ತದೆ, ಮಾತಾಡಿದ ಹಾಗೆ:

ಹಳೆ ಬಸ್ ನಿಲ್ದಾಣದ ಕಲ್ಲಿನ ಕಟ್ಟೆ,
ಕೈಯಲಿ ಪೇಡೆಯ ಚಿಕ್ಕ ಪೊಟ್ಟಣ,
ಕಡೆಯ ಬಸ್ಸಿನ ಕಿಟಕಿಯ ಬದಿಗೆ
ಕಣ್ಣಿಗೆ ನಿದ್ದೆಯೇ ಇಲ್ಲ.

ಕೋರಸ್ ‘ಬಂದೆನವ್ವಾ, ನಾ ಬಂದೆ’. ಸಿ, ಜಿ, ಎ ಮೈನರ್, ಎಫ್, ಬಾರ್‌ಗೆ ಒಂದು. ‘ಬಂ’ ತಾರ ಸಾ ಮೇಲೆ ಶುರುವಾಗಿ ‘ವ್ವಾ’ ತಾರ ಗ ಮೇಲೆ ನಿಲ್ಲುತ್ತದೆ. ಇಡೀ ಹಾಡಿನ ಎತ್ತರದ ಸ್ವರ ಅದೇ.

ಜೂನ್ 8: ಪ್ರೀ-ಕೋರಸ್ ಇಲ್ಲದೆ

ಮೊದಲು ವರ್ಸ್ ಮುಗಿಸಿ ನೇರವಾಗಿ ಕೋರಸ್‌ಗೆ ಹೋದೆವು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಕೋರಸ್ ಹಾರಿ ಬಂದ ಹಾಗಿತ್ತು. ಮಧ್ಯ ಸಾ-ದಿಂದ ಒಮ್ಮೆಲೇ ತಾರ ಸಾ. ಬಾಗಿಲು ತಟ್ಟದೆ ಒಳಗೆ ಬಂದ ಹಾಗೆ. ಕಥೆಯಲ್ಲೂ ಅದೇ ತೊಂದರೆ. ಮಗ ಬಸ್ಸಿನಲ್ಲಿ ಕೂತಿದ್ದಾನೆ, ಮರುಕ್ಷಣ ಅವ್ವನ ಮುಂದಿದ್ದಾನೆ. ನಡುವಿನ ದಾರಿಯೇ ಇಲ್ಲ.

ನಮ್ಮ ಜನಪದ ಹಾಡುಗಳಲ್ಲಿ ಈ ನಡುವಿನ ದಾರಿ ಬೇಕಾಗುವುದಿಲ್ಲ. ಎರಡು ಸಾಲಿಗೊಮ್ಮೆ ಸೊಲ್ಲು ತಿರುಗಿ ಬರುತ್ತದೆ, ಅದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ. ಸಿನಿಮಾ ಹಾಡಿನಲ್ಲಿ ಚರಣದ ಕೊನೆಯ ಸಾಲು ಎಷ್ಟೋ ಸಲ ಈ ಕೆಲಸ ಮಾಡುತ್ತದೆ, ಪಲ್ಲವಿಯನ್ನು ಕೈ ಹಿಡಿದು ಕರೆತರುತ್ತದೆ. ನಮ್ಮ ಹಾಡಿನಲ್ಲಿ ವರ್ಸ್ ಕೆಳಗಿದೆ, ಕೋರಸ್ ಒಂದು ಸಪ್ತಕ ಮೇಲಿದೆ. ಒಂದು ಸಾಲು ಸಾಲದು ಅನ್ನಿಸಿತು. ಮೆಟ್ಟಿಲೇ ಬೇಕು.

ಜೂನ್ 10: ಮೊದಲ ಪ್ರಯತ್ನ, ಎಂಟು ಬಾರ್

ಸಾಹಿತ್ಯ ಒಂದೇ ಕೂತಿಗೆ ಬಂತು:

ಕೆರೆಯ ಏರಿ ಏರಿದೆ,
ಬೇವಿನ ಮರ ದಾಟಿದೆ,
ಓಣಿಯ ತಿರುವು ಬಂದಿದೆ,
ದೀಪ ಉರಿಯುತಿದೆ.

ಕಾರ್ಡು ಸಿ, ಎಫ್, ಸಿ, ಜಿ, ಎರಡೆರಡು ಬಾರ್. ಹಾಡಿಸಿ ನೋಡಿದೆವು. ಹುಡುಗ ಚೆನ್ನಾಗಿಯೇ ಹಾಡಿದ. ಆದರೆ ಅದು ಮೂರನೆಯ ವರ್ಸ್ ಆಗಿತ್ತು. ಗಡಿಯಾರ ನೋಡಿದರೆ ಕೋರಸ್ ಶುರುವಾಗುವಾಗ 84 ಸೆಕೆಂಡು ಆಗಿತ್ತು. ನಾಲ್ಕು ಬಾರ್ ಇಂಟ್ರೊ 12, ವರ್ಸ್ 48, ಇದು 24.

ಆ ರಾತ್ರಿ ಮೂರು ತಪ್ಪು ಬರೆದಿಟ್ಟೆ. ಮುಂದಿನದೆಲ್ಲ ಈ ಮೂರನ್ನು ಸರಿ ಮಾಡಿದ ಕಥೆ.

ಒಂದು, ಶುರುವಿನಲ್ಲೇ ಸಿ. ವರ್ಸ್ ಸಿ-ಯಿಂದ ಶುರು, ಇದೂ ಸಿ-ಯಿಂದ ಶುರು. ಕಿವಿಗೆ ಮನೆ ಬಿಟ್ಟು ಹೊರಟ ಹಾಗೆಯೇ ಆಗಲಿಲ್ಲ. ಮನೆಯಲ್ಲೇ ಇದ್ದವನು ಮನೆಗೆ ಬಂದರೆ ಏನು ಖುಷಿ?

ಎರಡು, ಕಾರ್ಡು ಬದಲಾಗುವ ವೇಗ ವರ್ಸಿನಷ್ಟೇ. ಅದಕ್ಕೇ ಏನೋ ಹತ್ತಿರ ಬರುತ್ತಿದೆ ಎಂದು ಅನ್ನಿಸಲಿಲ್ಲ.

ಮೂರು, ಸಾಹಿತ್ಯ. ಪ್ರತಿ ಸಾಲೂ ಪೂರ್ತಿ ವಾಕ್ಯ. ಏರಿದೆ. ದಾಟಿದೆ. ಬಂದಿದೆ. ನಾಲ್ಕು ಸಲ ವಾಕ್ಯ ಮುಗಿಯಿತು, ನಾಲ್ಕು ಸಲ ಕೇಳುವವನು ಉಸಿರು ಬಿಟ್ಟ.

ಜೂನ್ 13: ಕಾರ್ಡು ಸರಿ ಮಾಡಿದ್ದು

ಮೊದಲ ಕೆಲಸ, ಪ್ರೀ-ಕೋರಸ್‌ನಿಂದ ಸಿ-ಯನ್ನು ಪೂರ್ತಿ ತೆಗೆದೆ. ಕೋರಸ್‌ನ ಮೊದಲ ಬೀಟಿನವರೆಗೆ ಸಿ ಕೇಳಿಸಬಾರದು ಎಂದು ನಿಯಮ ಹಾಕಿಕೊಂಡೆ.

ಆಮೇಲೆ ಮಂದ್ರದ ಸ್ವರವನ್ನು ಮೆಟ್ಟಿಲಿನ ಹಾಗೆ ಹತ್ತಿಸಿದೆ. ಡಿ ಮೈನರ್, ಇ ಮೈನರ್, ಎಫ್, ಜಿ. ಹಾರ್ಮೋನಿಯಂನ ಕೆಳಗಿನ ಸ್ವರ ರೆ, ಗ, ಮ, ಪ. ಹುಡುಗ ಒಂದೇ ಬೆರಳಿನಲ್ಲಿ ಆ ನಾಲ್ಕು ಸ್ವರ ಒತ್ತಿದ. ಅಷ್ಟಕ್ಕೇ ಏನೋ ಹತ್ತುತ್ತಿದೆ ಎಂದು ಗೊತ್ತಾಗುತ್ತಿತ್ತು. ಮೇಲೆ ಧಾಟಿ ಏನೇ ಇರಲಿ, ತಳ ಹತ್ತಿದರೆ ಕಟ್ಟಡ ಹತ್ತುತ್ತದೆ.

ಮೊದಲು ಒಂದೊಂದನ್ನೂ ಎರಡು ಬಾರ್ ಇಟ್ಟೆವು. ಮತ್ತೆ ಎಂಟು ಬಾರ್, ಮತ್ತೆ ನಿಧಾನ. ಕೊನೆಗೆ ಒಂದೊಂದು ಬಾರ್‌ಗೆ ಇಳಿಸಿದೆವು. ವರ್ಸಿನಲ್ಲಿ ಆರು ಸೆಕೆಂಡಿಗೆ ಒಂದು ಕಾರ್ಡು ಬದಲಾಗುತ್ತಿತ್ತು, ಇಲ್ಲಿ ಮೂರು ಸೆಕೆಂಡಿಗೆ ಒಂದು. ತಬಲಾದ ಲಯ ಹೆಚ್ಚಿಸಲಿಲ್ಲ, ಆದರೂ ಬಸ್ಸು ಜೋರಾಗಿ ಹೋದ ಹಾಗೆ ಕೇಳಿಸಿತು. ನಾಲ್ಕು ಬಾರ್‌ನಲ್ಲಿ ಹತ್ತುವುದು ಮುಗಿಯಿತು. ಅದರ ಮುಂದೆ ಜಿ ಮೇಲೆಯೇ ಇನ್ನೆರಡು ಬಾರ್ ನಿಂತೆವು. ಒಟ್ಟು ಆರು ಬಾರ್, 18 ಸೆಕೆಂಡು.

ಇಲ್ಲಿ ಒಂದು ವಿಷಯ ತಡವಾಗಿ ಹೊಳೆಯಿತು. ವರ್ಸಿನ ಕೊನೆಯಲ್ಲೂ ಜಿ ಇತ್ತಲ್ಲ? ಪ್ರೀ-ಕೋರಸ್‌ನ ಕೊನೆಯ ಜಿ ಬರುವ ಹೊತ್ತಿಗೆ ಕಿವಿ ಅದನ್ನು ಎರಡು ಸಲ ಕೇಳಿಯಾಗಿತ್ತು. ತುದಿಗೆ ಬಂದೆವು ಎನ್ನುವ ಭಾವನೆ ಹುಟ್ಟುತ್ತಿರಲಿಲ್ಲ. ಪ್ರೀ-ಕೋರಸ್ ಅನ್ನು ಎಷ್ಟು ತಿದ್ದಿದರೂ ಇದು ಸರಿಹೋಗುತ್ತಿರಲಿಲ್ಲ, ಯಾಕೆಂದರೆ ತಪ್ಪು ವರ್ಸಿನಲ್ಲಿತ್ತು. ವರ್ಸಿನ ಕೊನೆಯ ಜಿ ತೆಗೆದು ಅಲ್ಲಿ ಸಿ ಹಾಕಿದೆ. ಈಗ ವರ್ಸ್ ಸಿ, ಎ ಮೈನರ್, ಎಫ್, ಸಿ. ಮನೆಯಲ್ಲಿ ಶುರು, ಮನೆಯಲ್ಲಿ ಮುಗಿತಾಯ. ಜಿ ಮೊದಲ ಸಲ ಕೇಳಿಸುವುದೇ ಪ್ರೀ-ಕೋರಸ್‌ನ ನಾಲ್ಕನೆಯ ಬಾರ್‌ನಲ್ಲಿ.

ಇಂಟ್ರೊವನ್ನೂ ನಾಲ್ಕರಿಂದ ಎರಡು ಬಾರ್‌ಗೆ ಕತ್ತರಿಸಿದೆವು. ಕೋರಸ್ ಈಗ 72ನೆಯ ಸೆಕೆಂಡಿಗೆ ಬರುತ್ತದೆ.

ಜೂನ್ 15: ಧಾಟಿ, ಮತ್ತು ಖರ್ಚಾಗಿ ಹೋದ ಎತ್ತರ

ಹುಬ್ಬಳ್ಳಿಯಲ್ಲಿ ಒಂದು ಅಭ್ಯಾಸದ ಕೋಣೆ ಎರಡು ಗಂಟೆಗೆ ಹಿಡಿದೆವು. ಗಂಟೆಗೆ 300 ರೂಪಾಯಿ. ದಾರಿಯಲ್ಲಿ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಹಳೆಯ ರೆಕಾರ್ಡಿಂಗ್ ಕೇಳುತ್ತ ಹೋದೆ.

ಹುಡುಗ ಹುರುಪಿನಲ್ಲಿದ್ದ. ಕಾರ್ಡು ಹತ್ತುತ್ತಿದ್ದಂತೆ ಅವನೂ ಹತ್ತಿದ. ಮೂರನೆಯ ಸಾಲಿನಲ್ಲೇ ತಾರ ಸಾ ಮುಟ್ಟಿ, ನಾಲ್ಕನೆಯದರಲ್ಲಿ ತಾರ ಗ ಹಿಡಿದ. ಕೋಣೆಯಲ್ಲಿ ಮೈ ಜುಂ ಅಂದಿತು. ಆಮೇಲೆ ಕೋರಸ್ ಬಂತು, ಅದೇ ತಾರ ಸಾ, ಅದೇ ತಾರ ಗ. ಏನೂ ಅನ್ನಿಸಲಿಲ್ಲ.

ಕಾಕಾ ತಬಲಾದ ಮೇಲೆ ಕೈ ಇಟ್ಟು ಹೇಳಿದರು: “ತಮ್ಮಾ, ಊಟಕ್ಕ ಕುಂದ್ರೂಕಿಂತ ಮೊದಲ ಹೋಳಿಗಿ ತಿಂದಬಿಟ್ಟಿ. ಸಾ ಹೇಳಬ್ಯಾಡ. ನಿ ಮ್ಯಾಲ ನಿಂದ್ರು.”

ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಅದೇ. ಹಾರ್ಮೋನಿಯಂ ಮುಂದೆ ಕೂತು ಪ್ರತಿ ಸಾಲು ಯಾವ ಸ್ವರದಲ್ಲಿ ನಿಲ್ಲಬೇಕು ಎಂದು ಬರೆದೆವು. ಮೊದಲ ಸಾಲು ಮ. ಎರಡನೆಯದು ಪ. ಮೂರನೆಯದು ಧ. ನಾಲ್ಕನೆಯದು ನಿ. ಅಷ್ಟೇ. ನಾಲ್ಕೂ ಆಯಾ ಕಾರ್ಡಿನ ಒಳಗಿನ ಸ್ವರಗಳೇ. ಡಿ ಮೈನರಿನಲ್ಲಿ ರೆ-ಮ-ಧ, ಇ ಮೈನರಿನಲ್ಲಿ ಗ-ಪ-ನಿ, ಎಫ್‌ನಲ್ಲಿ ಮ-ಧ-ಸಾ, ಜಿ-ಯಲ್ಲಿ ಪ-ನಿ-ರೆ. ಹಾಗಾಗಿ ಯಾವ ಸಾಲೂ ಕಾರ್ಡಿಗೆ ಬಡಿದಾಡುವುದಿಲ್ಲ.

ಮ, ಪ, ಧ, ನಿ. ಇದಾದ ಮೇಲೆ ಏನು ಬರಬೇಕು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ನಿ-ಯಿಂದ ಸಾ ಅರ್ಧ ಹೆಜ್ಜೆ ದೂರ. ಅಷ್ಟು ಹತ್ತಿರ ಬಂದು ನಿಂತರೆ ಕಿವಿ ತಾನೇ ಸಾ ಕೇಳುತ್ತದೆ.

ಎಚ್ಚರ ವಹಿಸಬೇಕಾದ ಜಾಗ ಮೂರನೆಯ ಸಾಲು. ಎಫ್ ಕಾರ್ಡಿನಲ್ಲಿ ಸಾ ಇದೆ, ಅದಕ್ಕೇ ಗಂಟಲು ತಾನಾಗಿ ಅಲ್ಲಿಗೆ ಜಾರುತ್ತದೆ. ಹುಡುಗ ಮೂರು ಸಲ ಜಾರಿದ. ಜಾರಿದಾಗಲೆಲ್ಲ ಕೋರಸ್ ಸಪ್ಪೆಯಾಯಿತು. ಕೊನೆಗೆ ಆ ಸಾಲಿನ ಮೇಲಿನ ಗಡಿ ಧ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡ.

ಜೂನ್ 18: ಸಾಹಿತ್ಯ, ಮುಗಿಯದ ಕ್ರಿಯಾಪದ

ಇದು ನನ್ನ ಪಾಲಿನ ಕೆಲಸ. ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದೂ ಇದೇ.

ಕನ್ನಡದಲ್ಲಿ ವಾಕ್ಯ ಮುಗಿಯುವುದು ಕ್ರಿಯಾಪದದಿಂದ. ‘ಹತ್ತಿ’, ‘ದಾಟಿ’, ‘ತಿರುಗಿ’ ಎಂದು ಎಷ್ಟು ಬೇಕಾದರೂ ಪೋಣಿಸುತ್ತ ಹೋಗಬಹುದು, ವಾಕ್ಯ ಮುಗಿಯುವುದಿಲ್ಲ. ಕೇಳುವವನು ಕಾಯುತ್ತಲೇ ಇರುತ್ತಾನೆ: ದಾಟಿ... ಏನು ಮಾಡಿದ? ಮನೆಯಲ್ಲಿ ಯಾರಾದರೂ “ಅಂಗಡಿಗೆ ಹೋಗಿ...” ಎಂದು ಸುಮ್ನೆ ನಿಂತರೆ ನಾವು ತಿರುಗಿ ನೋಡುತ್ತೇವಲ್ಲ, ಹಾಗೆ. ಇಷ್ಟು ದೊಡ್ಡ ಅನುಕೂಲವನ್ನು ಭಾಷೆಯೇ ಕೊಟ್ಟಿರುವಾಗ ನಾನು ‘ದಾಟಿದೆ, ಬಂದಿದೆ’ ಎಂದು ನಾಲ್ಕು ಸಲ ಮುಗಿಸಿ ಹಾಳು ಮಾಡಿದ್ದೆ.

ನಮ್ಮ ಕೋರಸ್ ಶುರುವಾಗುವುದೇ ‘ಬಂದೆ’ ಎನ್ನುವ ಪೂರ್ಣ ಕ್ರಿಯಾಪದದಿಂದ. ಹಾಗಾದರೆ ಪ್ರೀ-ಕೋರಸ್‌ನಲ್ಲಿ ಒಂದೂ ಪೂರ್ಣ ಕ್ರಿಯಾಪದ ಇರಬಾರದು. ಹೊಸದು:

ಕೆರೆಯ ಏರಿ ಹತ್ತಿ,
ಬೇವಿನ ಮರ ದಾಟಿ,
ಓಣಿ ತಿರುಗಿ,
ದೀಪ ಕಂಡು...

ಮತ್ತು ಕೋರಸ್: ಬಂದೆನವ್ವಾ!

ಈಗ ಪ್ರೀ-ಕೋರಸ್ ಮತ್ತು ಕೋರಸ್ ಸೇರಿ ಒಂದೇ ವಾಕ್ಯ. ನಡುವೆ ಕತ್ತರಿಸಿದರೆ ಅರ್ಥವೇ ತುಂಡಾಗುತ್ತದೆ.

ಅಕ್ಷರಗಳನ್ನು ಬೆರಳಲ್ಲಿ ಎಣಿಸಿದೆ. ಮೊದಲ ಎರಡು ಸಾಲು ಏಳೇಳು, ಮೂರನೆಯದು ಐದು, ನಾಲ್ಕನೆಯದು ನಾಲ್ಕು. ಸಾಲುಗಳು ಚಿಕ್ಕದಾಗುತ್ತ ಹೋದ ಹಾಗೆ ಓಡುವವನ ಉಸಿರು ಚಿಕ್ಕದಾದ ಹಾಗೆ ಕೇಳಿಸುತ್ತದೆ. ಮೊದಲು ಮೂರನೆಯ ಸಾಲು ‘ಓಣಿಯ ತಿರುವು ತಿರುಗಿ’ ಎಂದಿತ್ತು, ಒಂಬತ್ತು ಅಕ್ಷರ. ಅಲ್ಲಿ ಹಾಡು ಮುಗ್ಗರಿಸುತ್ತಿತ್ತು. ‘ತಿರುವು’ ತೆಗೆದದ್ದರಿಂದ ಅರ್ಥಕ್ಕೆ ಏನೂ ನಷ್ಟ ಆಗಲಿಲ್ಲ.

ಜೂನ್ 19: ‘ಡು’ ಎನ್ನುವ ತೊಂದರೆ

ಕಾಗದದ ಮೇಲೆ ಚೆನ್ನಾಗಿದ್ದದ್ದು ಗಂಟಲಿನಲ್ಲಿ ಕೂರಲಿಲ್ಲ. ‘ದೀಪ ಕಂಡು’ ಸಾಲಿನ ಕೊನೆಯ ‘ಡು’ವನ್ನು ನಿ ಮೇಲೆ ಎಳೆಯಬೇಕಿತ್ತು, ಕೋರಸ್ ಬರುವವರೆಗೆ. ‘ಉ’ಕಾರಕ್ಕೆ ತುಟಿ ಮುಚ್ಚಿಕೊಳ್ಳುತ್ತದೆ. ಎತ್ತರದ ಸ್ವರದಲ್ಲಿ ಐದಾರು ಸೆಕೆಂಡು ‘ಡೂ...’ ಎಂದು ಎಳೆದರೆ ದನಿ ಮೂಗಿಗೆ ಹೋಗುತ್ತದೆ, ದೊಡ್ಡದಾಗಬೇಕಾದ ಜಾಗದಲ್ಲಿ ಸಣ್ಣದಾಗುತ್ತದೆ.

ಇನ್ನೊಂದು ಪೆಟ್ಟು ಉಸಿರಿನದು. ಅಷ್ಟು ಎಳೆದ ಮೇಲೆ ನಡುವೆ ಬಿಡುವೇ ಇಲ್ಲದೆ ತಾರ ಸಾ ಎತ್ತಬೇಕು. ‘ವ್ವಾ’ ಮೇಲೆ ದನಿ ಎರಡು ಸಲ ಒಡೆಯಿತು. ತಪ್ಪು ಹಾಡುವವನದಲ್ಲ. ಉಸಿರಿಗೆ ಜಾಗ ಬಿಡದೆ ಬರೆದದ್ದು ನಾನು.

‘ಕಂಡ ಕೂಡಲೇ’ ಎಂದು ನೋಡಿದೆ. ‘ಏ’ ತೆರೆದ ಸ್ವರ, ಎಳೆಯಲು ಒಳ್ಳೆಯದು. ಆದರೆ ಸಾಲು ಮತ್ತೆ ಏಳು ಅಕ್ಷರಕ್ಕೆ ಉದ್ದವಾಯಿತು. ‘ಕಂಡೊಡನೇ’ ಹಾಡಿಗೆ ಒಪ್ಪಲಿಲ್ಲ. ಬಸ್ಸಿನಲ್ಲಿ ಬಂದ ಹುಡುಗ ಹಾಗೆ ಮಾತಾಡುವುದಿಲ್ಲ.

ಎರಡು ದಿನದ ಮೇಲೆ ಸಿಕ್ಕಿದ್ದು ‘ದೀಪ ಕಾಣುತ’. ಐದೇ ಅಕ್ಷರ, ವಾಕ್ಯ ಇನ್ನೂ ಮುಗಿದಿಲ್ಲ. ಎಳೆಯುವುದನ್ನು ಕೊನೆಯ ಅಕ್ಷರದಿಂದ ನಡುವಿನ ಅಕ್ಷರಕ್ಕೆ ತಂದೆ. ‘ಕಾ’ ಮೇಲೆ ಎಳೆಯುವುದು, ಬಾಯಿ ಪೂರ್ತಿ ತೆರೆದ ‘ಆ’. ‘ಣುತ’ವನ್ನು ಕೊನೆಯಲ್ಲಿ ಚಟಕ್ಕನೆ ಇಳಿಸುವುದು.

ಅಳತೆ ಹೀಗೆ ಕೂತಿತು. ನಾಲ್ಕನೆಯ ಬಾರ್‌ನ ಮೊದಲ ಎರಡು ಬೀಟಿನಲ್ಲಿ ‘ದೀಪ’. ಮೂರನೆಯ ಬೀಟಿಗೆ ‘ಕಾ’ ಶುರು, ಐದು ಬೀಟ್ ಹಿಡಿಯುವುದು, ಅಂದರೆ ನಾಲ್ಕು ಸೆಕೆಂಡಿಗೂ ಸ್ವಲ್ಪ ಕಡಿಮೆ. ಐದನೆಯ ಬಾರ್‌ನ ಕೊನೆಯ ಬೀಟಿನಲ್ಲಿ ‘ಣುತ’, ಎರಡೂ ಅಕ್ಷರ ನಿ ಮೇಲೆಯೇ. ಆರನೆಯ ಬಾರ್ ಪೂರ್ತಿ ಗಾಯಕನಿಗೆ ಖಾಲಿ. ಮೂರು ಸೆಕೆಂಡು, ಒಂದು ತುಂಬು ಉಸಿರು. ಅವತ್ತಿನಿಂದ ‘ವ್ವಾ’ ಒಡೆದಿಲ್ಲ.

ಜೂನ್ 22: ತಿಹಾಯಿ, ಎರಡು ಸಲ ಸೋತು ಮೂರನೆಯ ಸಲ

ಗಾಯಕ ಸುಮ್ಮನಿರುವ ಆ ಬಾರ್‌ನಲ್ಲಿ ಏನು ಕೇಳಿಸಬೇಕು? ತಿಹಾಯಿ ಹಾಕೋಣ ಎಂದು ಹೇಳಿದ್ದು ನಾನೇ. ಒಂದು ತುಣುಕನ್ನು ಮೂರು ಸಲ ನುಡಿಸಿ, ಮೂರನೆಯದರ ಕೊನೆಯ ಪೆಟ್ಟು ಸಮ್ ಮೇಲೆ, ಅಂದರೆ ಆವರ್ತನದ ಮೊದಲ ಪೆಟ್ಟಿನ ಮೇಲೆ, ಬೀಳುವ ಹಾಗೆ ಮಾಡುವುದು. ಧಾರವಾಡದಲ್ಲಿ ಕಚೇರಿ ಕೇಳಿ ಬೆಳೆದವರಿಗೆ ಇದು ಗೊತ್ತಿದ್ದದ್ದೇ. ಮೂರನೆಯದು ಶುರುವಾದ ಕೂಡಲೇ ಸಭೆಯ ತಲೆಗಳು ತಾವೇ ಸಮ್‌ಗೆ ಸಿದ್ಧವಾಗುತ್ತವೆ. ನಮಗೂ ಅದೇ ಬೇಕು. ನಮ್ಮ ಸಮ್ ಅಂದರೆ ‘ಬಂ’.

ಲೆಕ್ಕ ಹಾಕಿದೆವು. ಐದು ಮತ್ತು ಆರನೆಯ ಬಾರ್ ಸೇರಿ ಎಂಟು ಬೀಟ್. ಅರ್ಧ ಬೀಟಿಗೆ ಒಂದು ಎಂದರೆ 16 ಜಾಗ. ಹದಿನೇಳನೆಯದು ಕೋರಸ್‌ನ ಸಮ್. ಐದರ ತುಣುಕು, ಒಂದರ ಬಿಡುವು, ಐದು, ಒಂದು, ಐದು. ಕೂಡಿಸಿದರೆ ಸರಿಯಾಗಿ 17.

ಮೊದಲ ಪ್ರಯತ್ನ ಗಾಯನದಲ್ಲಿ. ‘ದೀಪ ಕಾಣುತ’ ಐದು ಅಕ್ಷರ, ಮೂರು ಸಲ ಹಾಡಿದರೆ ತಿಹಾಯಿ ಆಗುತ್ತದೆ. ಆಯಿತು ಕೂಡ. ಆದರೆ ಸಮ್ ಮೇಲೆ ಬಿದ್ದದ್ದು ‘ತ’. ಅಲ್ಲಿ ‘ಬಂ’ ಬೀಳಬೇಕು. ಒಂದೇ ಜಾಗಕ್ಕೆ ಎರಡು ಅಕ್ಷರ.

ಎರಡನೆಯದು ‘ದೀಪ ಕಂಡು ಬಂ’. ಐದನೆಯ ಅಕ್ಷರವೇ ‘ಬಂ’, ಸಮ್ ಮೇಲೆ ಚೊಕ್ಕವಾಗಿ ಕೂತಿತು. ನಾವು ಮೂವರೂ ಕುಣಿದೆವು. ಮರುದಿನ ಬೆಳಿಗ್ಗೆ ಕೇಳಿದಾಗ ಗೊತ್ತಾಯಿತು, ಕೋರಸ್‌ಗೆ ಮುಂಚೆಯೇ ಎರಡು ಸಲ ‘ಬಂ’ ಹೇಳಿಬಿಟ್ಟಿದ್ದೇವೆ. ಕಾಯಿಸಬೇಕಾದ ಮಾತನ್ನೇ ಮೊದಲೇ ಕೊಟ್ಟಾಯಿತು. ಮೇಲಾಗಿ ಗಾಯಕನ ಉಸಿರಿನ ಜಾಗವೂ ಹೋಯಿತು. ಬಿಟ್ಟೆವು. ಅಷ್ಟು ಚೆಂದದ ಲೆಕ್ಕ ಬಿಡಲು ಮನಸ್ಸಿಗೆ ಕಷ್ಟವಾಯಿತು.

ಮೂರನೆಯದು ಕಾಕಾ ಅವರದು. ಧ್ವನಿ ‘ಕಾ’ ಮೇಲೆ ನಿಂತಿರಲಿ, ತಿಹಾಯಿ ತಬಲಾ ಮಾತ್ರ ನುಡಿಸಲಿ ಎಂದರು. ‘ತಿಟ ಕತ ಗದಿ ಗನ ಧಾ’. ಅರ್ಧ ಬೀಟಿಗೆ ಎರಡು ಬೋಲ್, ನಾಲ್ಕು ಜಾಗ, ಐದನೆಯದಕ್ಕೆ ಧಾ. ತಬಲಾ ಕಲಿತವರೆಲ್ಲರ ಕೈಯಲ್ಲಿರುವ ತುಣುಕು.

ಅದರ ಜೊತೆ ಅವರು ಇನ್ನೊಂದು ಮಾಡಿದರು. ಮೊದಲ ನಾಲ್ಕು ಬಾರ್‌ನಲ್ಲಿ ಎಡಗೈಯ ಡಗ್ಗಾ ಮುಟ್ಟಲೇ ಇಲ್ಲ. ಬಲಗೈ ಮಾತ್ರ. “ಖಾಲಿ ತೋರಿಸ್ಲಾರದ ಸಮ್ ಹೆಂಗ ದೊಡ್ಡದು ಕಾಣಸ್ತದ?” ಎಂದು ಕೇಳಿದರು. ತಳದ ಗುಂಗು ಹನ್ನೆರಡು ಸೆಕೆಂಡು ಕೇಳಿಸದಿದ್ದರೆ ಕಿವಿಗೆ ಏನೋ ಕಳೆದ ಹಾಗೆ ಆಗುತ್ತದೆ. ಕೋರಸ್‌ನ ಧಾ-ದಲ್ಲಿ ಅದು ತಿರುಗಿ ಬಂದಾಗ ನೆಲ ಸಿಕ್ಕ ಹಾಗೆ. ತಿಹಾಯಿಯಲ್ಲೂ ಮೊದಲ ಎರಡು ಸಲ ಧಾ ಬದಲು ತಾ ನುಡಿಸಿ, ಮೂರನೆಯದನ್ನು ಮಾತ್ರ ಧಾ ಮಾಡಿದರು. ‘ಗದಿ ಗನ’ದಲ್ಲಿ ಡಗ್ಗಾ ಸ್ವಲ್ಪ ಬರುತ್ತದೆ, ಅದನ್ನು ಬೆರಳ ತುದಿಯಲ್ಲಿ ಹಗುರವಾಗಿ ಬಾರಿಸಿದರು.

ನನ್ನ ಗಿಟಾರಿನದು ಚಿಕ್ಕ ಕೆಲಸ. ಮೊದಲು ನಾನು ಪ್ರೀ-ಕೋರಸ್ ಉದ್ದಕ್ಕೂ ಜೋರಾಗುತ್ತ ಹೋಗುತ್ತಿದ್ದೆ. ಆರನೆಯ ಬಾರ್‌ನಲ್ಲಿ ಗಿಟಾರೇ ಎಲ್ಲರಿಗಿಂತ ಜೋರು, ಕೋರಸ್ ಬಂದರೆ ಹೆಚ್ಚಿಸಲು ಜಾಗವೇ ಇಲ್ಲ. ಈಗ ಅಂಗೈಯನ್ನು ತಂತಿಯ ಮೇಲೆ ಇಟ್ಟು ಮುಚ್ಚಿ ನುಡಿಸುತ್ತೇನೆ. ಐದನೆಯ ಬಾರ್‌ಗೆ ಜಿ ಒಂದು ಸಲ ಬಾರಿಸಿ ಬಿಡುತ್ತೇನೆ. ಆರನೆಯದರಲ್ಲಿ ಕೈ ತೆಗೆದುಬಿಡುತ್ತೇನೆ. ಹಾರ್ಮೋನಿಯಂ ಕೂಡ ಅಲ್ಲಿ ನಿಲ್ಲುತ್ತದೆ. ತಬಲಾ ಮತ್ತು ಗಾಯಕ ಉಸಿರು ತೆಗೆದುಕೊಳ್ಳುವ ಸದ್ದು, ಎರಡೇ. ಆ ಉಸಿರನ್ನು ರೆಕಾರ್ಡಿಂಗ್‌ನಿಂದ ಅಳಿಸಬಾರದು ಎಂದು ನಾನು ಹಟ ಹಿಡಿದೆ. ಓಡಿ ಬಂದವನ ಉಸಿರು ಅದು.

ಜೂನ್ 25: ಅಡುಗೆಮನೆಯ ಪರೀಕ್ಷೆ

ಸರಿಯಾಗಿದೆಯೋ ಇಲ್ಲವೋ ಎಂದು ನಮಗೆ ನಾವೇ ಹೇಳಿಕೊಂಡರೆ ಉಪಯೋಗವಿಲ್ಲ. ಕೋರಸ್ ಏನು ಎಂದು ನಮಗೆ ಗೊತ್ತಿದೆ. ಗೊತ್ತಿಲ್ಲದವರು ಬೇಕು.

ರೆಕಾರ್ಡಿಂಗನ್ನು ಕೋರಸ್‌ಗೆ ಸರಿಯಾಗಿ ಮುಂಚೆ ಕತ್ತರಿಸಿದೆ. ಅಂಥ ಎರಡು ತುಣುಕು ಮಾಡಿದೆ, ಒಂದು ಜೂನ್ 10ರದು, ಒಂದು ಈಗಿನದು. ಮನೆಯಲ್ಲಿ ವೈನಿ ರೊಟ್ಟಿ ಬಡಿಯುತ್ತಿದ್ದರು. ಹಳೆಯದನ್ನು ಹಚ್ಚಿದೆ. ನಿಂತಾಗ “ಮುಗೀತೇನು? ಚಲೋ ಐತಿ” ಎಂದರು. ಕೈ ನಿಲ್ಲಲಿಲ್ಲ. ಹೊಸದನ್ನು ಹಚ್ಚಿದೆ. ನಿಂತ ಕೂಡಲೇ ರೊಟ್ಟಿ ಬಡಿಯುವ ಕೈ ನಿಂತಿತು. “ಯಾಕ ನಿಲ್ಲಿಸಿದಿ? ಮುಂದಿಂದು ಹಚ್ಚು.” ನಾನು ಹಚ್ಚಲಿಲ್ಲ. ಒಂದು ಕ್ಷಣ ಬಿಟ್ಟು ಅವರೇ ಮೆಲ್ಲಗೆ ‘ಆ’ ಎಂದು ಒಂದು ಸ್ವರ ಎತ್ತಿದರು. ಹಾರ್ಮೋನಿಯಂನಲ್ಲಿ ಒತ್ತಿ ನೋಡಿದೆ. ತಾರ ಸಾ.

ಇನ್ನೂ ಮೂವರಿಗೆ ಕೇಳಿಸಿದೆ. ಇಬ್ಬರು ಮುಂದಿನದು ಕೇಳಿದರು. ಒಬ್ಬರಿಗೆ ಏನೂ ಅನ್ನಿಸಲಿಲ್ಲ. ಅವರಿಗೆ ‘ದಾಟಿ’ ಮತ್ತು ‘ತಿರುಗಿ’ ಸ್ಪಷ್ಟವಾಗಿ ಕೇಳಿಸಿರಲಿಲ್ಲವಂತೆ, ‘ದಾಟಿದೆ’ ಎಂದು ತಿಳಿದುಕೊಂಡಿದ್ದರು. ಅಂದರೆ ಆ ‘ಇ’ಕಾರವನ್ನು ಹುಡುಗ ನುಂಗುತ್ತಿದ್ದ. ಹಾಡುಗಾರಿಕೆ ತಿದ್ದಿದೆವು. ಸಾಲಿನ ಕೊನೆಯಲ್ಲಿ ಸ್ವರವನ್ನು ಇಳಿಸದೆ ಸಮನಾಗಿ ಬಿಡಬೇಕು, ಮಾತಿನಲ್ಲಿ ನಾವು ಮುಂದೆ ಹೇಳುವುದಿದೆ ಎಂದಾಗ ದನಿ ಬಿಡುವ ಹಾಗೆ. ಇಳಿಸಿದರೆ ವಾಕ್ಯ ಮುಗಿದ ಹಾಗೆಯೇ ಕೇಳಿಸುತ್ತದೆ, ವ್ಯಾಕರಣ ಏನೇ ಇರಲಿ.

ಇನ್ನೊಂದು ಪರೀಕ್ಷೆಯೂ ಮಾಡಿದೆ. ಸಾಹಿತ್ಯ ತೆಗೆದು ಬರೀ ‘ಲಾ’ ಎಂದು ಹಾಡಿಸಿದೆ. ಆಗಲೂ ಹತ್ತುತ್ತಿತ್ತು. ಧಾಟಿ ತೆಗೆದು ಬರೀ ಸಾಹಿತ್ಯ ಓದಿದೆ. ಆಗಲೂ ಮುಂದೇನು ಅನ್ನಿಸುತ್ತಿತ್ತು. ಜೂನ್ 10ರದು ಎರಡರಲ್ಲೂ ಸೋತಿತು.

ಖರ್ಚು

ಅಭ್ಯಾಸದ ಕೋಣೆ ಮೂರು ಸಲ, ಒಟ್ಟು ಆರು ಗಂಟೆ, 1,800 ರೂಪಾಯಿ. ಹಳೆಯ ಕ್ಯಾಪೋದ ಸ್ಪ್ರಿಂಗ್ ಸಡಿಲಾಗಿ ಒಂದು ತಂತಿ ಗುಯ್ ಎನ್ನುತ್ತಿತ್ತು, ಹೊಸದಕ್ಕೆ 250. ಬಸ್ಸು, ಚಹಾ ಬೇರೆ.

ಜೂನ್ 29: ಇನ್ನೂ ಸಿಕ್ಕಿಕೊಂಡಿರುವ ಜಾಗ

ಮೊದಲ ಪ್ರೀ-ಕೋರಸ್ ಮುಗಿದಿದೆ. ತೊಂದರೆ ಎರಡನೆಯದರಲ್ಲಿದೆ. ಎರಡನೆಯ ವರ್ಸ್ ಆದ ಮೇಲೆ ಅದೇ ಆರು ಬಾರ್ ಬಂದಾಗ ಕೇಳುವವನಿಗೆ ಕೋರಸ್ ಏನೆಂದು ಗೊತ್ತಾಗಿದೆ. ತಿಹಾಯಿಯೂ ಗೊತ್ತಾಗಿದೆ. ಮೊದಲ ಸಲದಷ್ಟು ಎಳೆತ ಇರುವುದಿಲ್ಲ.

ಎರಡು ದಾರಿ ನೋಡಿದ್ದೇವೆ. ಐದು-ಆರನೆಯ ಬಾರ್ ತೆಗೆದು ನಾಲ್ಕೇ ಬಾರ್ ಇಟ್ಟರೆ ಕೋರಸ್ ಆರು ಸೆಕೆಂಡು ಬೇಗ ಬಂದು ಬೆಚ್ಚಿಬೀಳಿಸುತ್ತದೆ. ಅದು ಚೆನ್ನಾಗಿದೆ, ಆದರೆ ಗಾಯಕನಿಗೆ ಉಸಿರಿಲ್ಲ, ‘ದೀಪ ಕಾಣುತ’ ಎಳೆಯದೆ ಹೇಳಬೇಕು. ಇನ್ನೊಂದು ದಾರಿ ಆರನೆಯ ಬಾರ್‌ನಲ್ಲಿ ತಿಹಾಯಿ ಬಿಟ್ಟು ಪೂರ್ತಿ ಮೌನ. ಮೂರು ಸೆಕೆಂಡಿನ ಮೌನ ಕೋಣೆಯಲ್ಲಿ ಚೆನ್ನಾಗಿತ್ತು, ಮೊಬೈಲಿನಲ್ಲಿ ಕೇಳಿದಾಗ ಹಾಡು ಕೆಟ್ಟು ನಿಂತ ಹಾಗಿತ್ತು. ಕಾಕಾ ಒಂದು ಬೀಟಿನ ಮೌನ ಸಾಕು ಎನ್ನುತ್ತಾರೆ, ಆದರೆ ಅದಕ್ಕೆ ತಿಹಾಯಿಯ ಲೆಕ್ಕ ಹೊಸದಾಗಿ ಹಾಕಬೇಕು. ಭಾನುವಾರ ಅವರ ಮನೆಯಲ್ಲಿ ಕೂರುತ್ತೇವೆ.